ಊರಲ್ಲಿಲ್ಲದ ತಿಂಗಳಿಗೂ ಮೆಸ್ ಬಿಲ್: ರಿಬೇಟ್ ಎಷ್ಟು ಕೇಳಬಹುದು, ಹೇಗೆ ಕೇಳಬೇಕು

ಪ್ರಶ್ನೆ: ಬೆಂಗಳೂರಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ 8ನೇ ಸೆಮಿಸ್ಟರ್, ಕಾಲೇಜಿನದೇ ಹಾಸ್ಟೆಲ್‌ನಲ್ಲಿದ್ದೇನೆ. ಇಂಟರ್ನ್‌ಶಿಪ್‌ಗೆಂದು ಫೆಬ್ರವರಿ 9ರ ರಾತ್ರಿ ಊಟ ಮುಗಿಸಿ ಮೈಸೂರಿಗೆ ಹೋದವಳು ಏಪ್ರಿಲ್ 12ರ ಸಂಜೆ ವಾಪಸ್ ಬಂದೆ. ಮೂರೂ ತಿಂಗಳಿಗೆ ತಲಾ 4,500 ರೂ. ಮೆಸ್ ಬಿಲ್ ಹಾಕಿದ್ದಾರೆ. ಬಿಲ್‌ನಲ್ಲಿ ಊಟದ ಖರ್ಚು 3,600, ಎಸ್ಟಾಬ್ಲಿಷ್‌ಮೆಂಟ್ 900 ಎಂದಿದೆ. ವಾರ್ಡನ್‌ಗೆ ಲೀವ್ ಲೆಟರ್ ಕೊಟ್ಟೇ ಹೋಗಿದ್ದೆ. ಕೇಳಿದರೆ "ಮೆಸ್‌ಗೆ ಹೇಳಿ ಹೋಗಿಲ್ಲ, ಈಗ ರೂಲ್ಸ್‌ನಲ್ಲಿ ಅವಕಾಶ ಇಲ್ಲ" ಅಂತಾರೆ. ರೂಮನ್ನೂ ಖಾಲಿ ಮಾಡಿರಲಿಲ್ಲ. ದುಡ್ಡು ವಾಪಸ್ ಬರುತ್ತಾ?

ಉತ್ತರ: ಪೂರ್ತಿ ಬರುವುದಿಲ್ಲ, ಆದರೆ ಒಂದು ಭಾಗವನ್ನು ನ್ಯಾಯವಾಗಿ ಕೇಳಬಹುದು. ಸರಿಯಾಗಿ ಬರೆದು ಕೇಳಿದರೆ ಅದು ಸಿಗುವ ಸಾಧ್ಯತೆಯೂ ಚೆನ್ನಾಗಿದೆ. ರೂಮಿನ ಬಾಡಿಗೆಯನ್ನು ಈ ಮಾತಿಗೆ ಸೇರಿಸಲೇಬೇಡಿ. ಮಂಚ, ಬೀರು, ಬೀಗದ ಕೈ ಎಲ್ಲ ನಿಮ್ಮ ಹೆಸರಿನಲ್ಲೇ ಇದ್ದಷ್ಟು ದಿನ ಅದನ್ನು ಬೇರೆಯವರಿಗೆ ಕೊಡಲು ಆಗಿರಲಿಲ್ಲ. ಎಸ್ಟಾಬ್ಲಿಷ್‌ಮೆಂಟ್ ಎಂಬ 900 ರೂಪಾಯಿಯೂ ಹಾಗೆಯೇ. ಅಡುಗೆ ಭಟ್ಟರ ಸಂಬಳ, ಬಡಿಸುವವರ, ತೊಳೆಯುವವರ ಕೂಲಿ, ಕರೆಂಟು, ಪಾತ್ರೆ ಪಗಡಗಳ ಖರ್ಚು ಅದರಲ್ಲಿರುತ್ತದೆ. ಒಬ್ಬರು ಊಟಕ್ಕೆ ಬರಲಿಲ್ಲವೆಂದು ಭಟ್ಟರ ಸಂಬಳ ಕಡಿಮೆಯಾಗುವುದಿಲ್ಲ. ಇದನ್ನೂ ಸೇರಿಸಿ 13,500 ಪೂರ್ತಿ ಕೇಳಿದ ಅರ್ಜಿಗಳು ಬೇಗ ಮೂಲೆ ಸೇರುತ್ತವೆ, ಏಕೆಂದರೆ "ಇದು ಆಗೋದಿಲ್ಲಮ್ಮ" ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭವಾಗುತ್ತದೆ. ಊಟದ ಖರ್ಚಿನ ಭಾಗವನ್ನಷ್ಟೇ ಕೇಳಿ. ಅದಕ್ಕೆ ಉತ್ತರ ಕೊಡಬೇಕಾದವರು ಲೆಕ್ಕ ತೆಗೆಯಲೇಬೇಕಾಗುತ್ತದೆ.

ನಿಮ್ಮ ಲೆಕ್ಕ ಹೀಗಿದೆ. ಹೊರಟ ದಿನವನ್ನೂ ಬಂದ ದಿನವನ್ನೂ ಬಿಡಿ, ಬಹುತೇಕ ಹಾಸ್ಟೆಲ್‌ಗಳು ಆ ಎರಡು ದಿನಗಳನ್ನು ಎಣಿಸುವುದಿಲ್ಲ. ಫೆಬ್ರವರಿ 10ರಿಂದ 28ರವರೆಗೆ 19 ದಿನ, ಮಾರ್ಚ್ ಪೂರ್ತಿ 31, ಏಪ್ರಿಲ್ 1ರಿಂದ 11ರವರೆಗೆ 11. ಒಟ್ಟು 61 ದಿನ. ಊಟದ 3,600 ರೂಪಾಯಿಯನ್ನು 30ರಿಂದ ಭಾಗಿಸಿದರೆ ದಿನಕ್ಕೆ 120. 61ರಿಂದ ಗುಣಿಸಿದರೆ 7,320 ರೂಪಾಯಿ. ಫೆಬ್ರವರಿಗೆ 28 ದಿನ, ಮಾರ್ಚ್‌ಗೆ ಪೂರ್ತಿ ತಿಂಗಳು ಎಂದು ಲೆಕ್ಕ ಹಿಡಿದರೆ 7,363 ರೂ. ಬರುತ್ತದೆ. ಆ 43 ರೂಪಾಯಿಗಾಗಿ ವಾದ ಬೇಡ, ಕಚೇರಿ ಯಾವ ಕ್ರಮದಲ್ಲಿ ಲೆಕ್ಕ ಮಾಡುತ್ತದೋ ಅದನ್ನೇ ಒಪ್ಪಿಕೊಳ್ಳಿ. ಬಿಲ್‌ನಲ್ಲಿ ಜಿಎಸ್‌ಟಿ ಎಂದು ಬೇರೆ ಸಾಲು ಇದ್ದರೆ ಮಾತ್ರ ಈ ಮೊತ್ತದ ಮೇಲೆ ಕಟ್ಟಿದ ತೆರಿಗೆಯನ್ನೂ ಸೇರಿಸಿ. ಶೇ. 5 ಎಂದಿದ್ದರೆ 366 ರೂಪಾಯಿ.

7,320 ಎಂಬುದು ಗರಿಷ್ಠ. ಕೈಗೆ ನಿಜವಾಗಿ ಬರುವುದು ಎಷ್ಟು ಎನ್ನುವುದು ನಿಮ್ಮ ಮೆಸ್ ಯಾವ ಪದ್ಧತಿಯಲ್ಲಿ ನಡೆಯುತ್ತಿದೆ ಎಂಬುದರ ಮೇಲೆ ನಿಂತಿದೆ. ವಾರ್ಡನ್ ಜೊತೆ ಮಾತಿಗೆ ಕೂರುವ ಮುಂಚೆ ಅದನ್ನು ತಿಳಿದುಕೊಳ್ಳಬೇಕು. ನಿಮ್ಮ ದುಡ್ಡು ಈಗ ಎಲ್ಲಿದೆ ಎನ್ನುವುದು ಅದರಿಂದ ಗೊತ್ತಾಗುತ್ತದೆ, ಅದು ಗೊತ್ತಾದರೆ ಯಾರನ್ನು ಕೇಳಬೇಕೆಂಬುದೂ ಗೊತ್ತಾಗುತ್ತದೆ.

ಬಿಲ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಪ್ರತಿ ತಿಂಗಳೂ ಒಂದೇ ದುಂಡು ಮೊತ್ತ ಬರುತ್ತಿದ್ದರೆ, ನಿಮ್ಮದು ಹಾಗೇ ಇದೆ, ಅದು ಸಾಮಾನ್ಯವಾಗಿ ಗುತ್ತಿಗೆ ಮೆಸ್. ಒಬ್ಬ ಕೇಟರರ್ ಇರುತ್ತಾನೆ, ತಲೆಗೆ ದಿನಕ್ಕೆ ಇಷ್ಟು ಎಂದು ಕಾಲೇಜಿನ ಜೊತೆ ಒಪ್ಪಂದ ಆಗಿರುತ್ತದೆ. ಒಂದು ತಿಂಗಳು 3,347, ಇನ್ನೊಂದು ತಿಂಗಳು 3,812 ಎಂದು ಚಿಲ್ಲರೆ ಸಮೇತ ಬದಲಾಗುತ್ತಿದ್ದರೆ ಅದು ಡಿವೈಡಿಂಗ್ ಪದ್ಧತಿ. ಆ ತಿಂಗಳು ಅಕ್ಕಿ, ಬೇಳೆ, ತರಕಾರಿ, ಹಾಲು, ಗ್ಯಾಸ್‌ಗೆ ಆದ ಒಟ್ಟು ಖರ್ಚನ್ನು ಎಲ್ಲರ ಊಟದ ದಿನಗಳಿಂದ ಭಾಗಿಸುತ್ತಾರೆ. ಸರ್ಕಾರಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಹಾಸ್ಟೆಲ್‌ಗಳಲ್ಲಿ ಇದೇ ಹೆಚ್ಚು.

ಡಿವೈಡಿಂಗ್ ಮೆಸ್‌ನಲ್ಲಿ ತಡವಾಗಿ ಕೇಳಿದವರಿಗೆ ಏಕೆ ಕಷ್ಟ ಎಂಬುದನ್ನು ಅಂಕಿ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ. ಲೆಕ್ಕಕ್ಕೆಂದು 200 ಜನರ ಹಾಸ್ಟೆಲ್ ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಒಟ್ಟು ಖರ್ಚು 6,69,600 ರೂ., ಆ ತಿಂಗಳು 20 ಜನ ಪೂರ್ತಿ ಊರಲ್ಲಿರಲಿಲ್ಲ. ಅವರನ್ನು ಪುಸ್ತಕದಲ್ಲಿ ತೆಗೆದಿದ್ದರೆ ಉಂಡ 180 ಜನರಿಗೆ 31 ದಿನದಂತೆ 5,580 ದಿನಗಳು, ದಿನಕ್ಕೆ 120 ರೂ. ತೆಗೆಯದೆ ಎಲ್ಲ 200 ಜನರನ್ನೂ ಎಣಿಸಿದರೆ 6,200 ದಿನಗಳು, ದಿನಕ್ಕೆ 108 ರೂ. ಅಂದರೆ ಊಟ ಮಾಡದ 20 ಜನ ತಲಾ 3,348 ರೂ. ಕಟ್ಟಿದ್ದಾರೆ, ಅದರಿಂದ ಊಟ ಮಾಡಿದ 180 ಜನರಿಗೆ ದಿನಕ್ಕೆ 12 ರೂ. ಉಳಿದಿದೆ. ಕಾಲೇಜಿಗೂ ಒಂದು ಪೈಸೆ ಉಳಿದಿಲ್ಲ, ಮೆಸ್ ಮ್ಯಾನೇಜರ್ ಕೈಯಲ್ಲೂ ಇಲ್ಲ. ತಿಂಗಳ ಲೆಕ್ಕ ಮುಚ್ಚಿದ ಮೇಲೆ ವಾಪಸ್ ಕೊಡಲು ಅಲ್ಲಿ ದುಡ್ಡೇ ಇರುವುದಿಲ್ಲ.

ಹಾಗಾಗಿ ಅಂಥ ಮೆಸ್‌ನಲ್ಲಿ 'ವಾಪಸ್ ಕೊಡಿ' ಎಂದು ಕೇಳುವುದಕ್ಕಿಂತ 'ಮುಂದಿನ ತಿಂಗಳ ಬಿಲ್‌ನಲ್ಲಿ ಹೊಂದಾಣಿಕೆ ಮಾಡಿ' ಎಂದು ಮೆಸ್ ಕಮಿಟಿಗೆ ಕೇಳಬೇಕು. ಅಲ್ಲಿ ಎದುರಾಗುವ ಮಾತು "ನಿಮಗೆ ಕೊಟ್ಟರೆ ಉಳಿದವರ ಮೇಲೆ ಬೀಳುತ್ತೆ" ಎನ್ನುವುದು. ಅದು ನಿಜ. ಆದರೆ ಎಷ್ಟು ಬೀಳುತ್ತದೆ? ಒಬ್ಬರ 3,348 ರೂಪಾಯಿಯನ್ನು ಮುಂದಿನ ತಿಂಗಳ 6,000 ಊಟದ ದಿನಗಳ ಮೇಲೆ ಹಂಚಿದರೆ ದಿನಕ್ಕೆ 56 ಪೈಸೆ. ಇಪ್ಪತ್ತೂ ಜನ ಒಟ್ಟಿಗೆ ಕೇಳಿದರೆ ಸುಮಾರು 11 ರೂಪಾಯಿ, ಆಗ ಗಲಾಟೆ ಏಳುತ್ತದೆ, ಕಮಿಟಿ ಹಿಂದೆ ಸರಿಯುತ್ತದೆ. ಈ ಪದ್ಧತಿಯಲ್ಲಿ ಗುಂಪಾಗಿ ಹೋಗುವುದಕ್ಕಿಂತ ಒಬ್ಬೊಬ್ಬರಾಗಿ, ಆಯಾ ತಿಂಗಳು ಮುಗಿಯುವ ಮುಂಚೆ ಕೇಳುವುದೇ ವಾಸಿ.

ನಿಮ್ಮ ಗುತ್ತಿಗೆ ಮೆಸ್ಸಿನ ಕತೆ ಬೇರೆ. ಅಲ್ಲಿ ಎರಡು ಲೆಕ್ಕಗಳು ನಡೆಯುತ್ತಿರುತ್ತವೆ. ವಿದ್ಯಾರ್ಥಿಗಳಿಂದ ಕಾಲೇಜು ವಸೂಲಿ ಮಾಡುವುದು ಒಂದು, ಕೇಟರರ್‌ಗೆ ಕಾಲೇಜು ಕೊಡುವುದು ಇನ್ನೊಂದು. ನೀವು ಇಲ್ಲದ ದಿನಗಳಿಗೆ ಕಾಲೇಜು ಕೇಟರರ್‌ಗೆ ದುಡ್ಡು ಕೊಟ್ಟಿದೆಯೋ ಇಲ್ಲವೋ ಎಂಬುದೇ ಇಲ್ಲಿ ನಿರ್ಣಾಯಕ ಪ್ರಶ್ನೆ. ಕೊಟ್ಟಿಲ್ಲವಾದರೆ ನಿಮ್ಮ 7,320 ರೂಪಾಯಿ ಹಾಸ್ಟೆಲ್ ಖಾತೆಯಲ್ಲೇ ಕೂತಿದೆ, "ಕೊಡಲು ಬರುವುದಿಲ್ಲ" ಎನ್ನಲು ಲೆಕ್ಕದ ಕಾರಣ ಯಾವುದೂ ಇರುವುದಿಲ್ಲ.

ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಮಿನಿಮಮ್ ಗ್ಯಾರಂಟಿ ಎಂಬ ಷರತ್ತು ಇರುತ್ತದೆ. ಎಷ್ಟೇ ಜನ ಉಣ್ಣಲಿ, ಕನಿಷ್ಠ ಇಷ್ಟು ತಲೆಗಳಿಗೆ ದುಡ್ಡು ಖಚಿತ ಎಂದು ಕಾಲೇಜು ಕೇಟರರ್‌ಗೆ ಮಾತು ಕೊಟ್ಟಿರುತ್ತದೆ. ಒಂದು ಹಾಸ್ಟೆಲ್‌ನಲ್ಲಿ 240 ಜನರಿದ್ದು ಗ್ಯಾರಂಟಿ ಶೇ. 90 ಎಂದಿದ್ದರೆ 216 ತಲೆಗಳಿಗೆ ದುಡ್ಡು ಹೋಗಲೇಬೇಕು. ಆ ತಿಂಗಳು 15 ಜನ ಮಾತ್ರ ಇರಲಿಲ್ಲ ಎಂದಾದರೆ ಕೇಟರರ್ ಬಿಲ್ ಮಾಡುವುದು 225 ಜನರಿಗೆ, ಹದಿನೈದೂ ಜನರ ಊಟದ ಹಣ ಪೂರ್ತಿ ಉಳಿಯುತ್ತದೆ. ಫೈನಲ್ ಇಯರ್ ಬ್ಯಾಚ್ ಇಡೀ ಇಂಟರ್ನ್‌ಶಿಪ್‌ಗೆ ಹೋಗಿ 60 ಜನ ಇರಲಿಲ್ಲ ಎಂದಾದರೆ ಉಂಡವರು 180, ಆದರೆ ದುಡ್ಡು 216 ಜನರಿಗೆ ಹೋಗಿದೆ. ಉಳಿದದ್ದು 24 ತಲೆಗಳ ಹಣ ಮಾತ್ರ. ಅದನ್ನು 60 ಜನರಿಗೆ ಹಂಚಿದರೆ ತಲಾ ಶೇ. 40. ನಿಮ್ಮ 7,320 ಆಗ 2,928 ಆಗುತ್ತದೆ.

ಈ ಅಂಕಿಗಳು ನಿಮ್ಮ ಹಾಸ್ಟೆಲ್‌ನವಲ್ಲ, ಆದರೆ ನಿಮ್ಮ ಹಾಸ್ಟೆಲ್‌ನಲ್ಲಿ ಕೇಳಬೇಕಾದ ಎರಡು ಅಂಕಿಗಳು ಯಾವುವು ಎಂಬುದು ಇದರಿಂದ ತಿಳಿಯುತ್ತದೆ. ಮಾರ್ಚ್‌ನಲ್ಲಿ ಕೇಟರರ್ ಎಷ್ಟು ತಲೆಗೆ ಬಿಲ್ ಮಾಡಿದ? ಒಪ್ಪಂದದಲ್ಲಿ ಕನಿಷ್ಠ ಸಂಖ್ಯೆ ಎಷ್ಟು? ಮೆಸ್ ಕಮಿಟಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿ ಇದ್ದರೆ ಅವರಿಗೆ ಇವು ಗೊತ್ತಿರುತ್ತವೆ ಅಥವಾ ಕೇಳಿ ಪಡೆಯಬಲ್ಲರು. ಖಾಸಗಿ ಕಾಲೇಜು ಇದನ್ನು ನಿಮಗೆ ತೋರಿಸಲೇಬೇಕೆಂದಿಲ್ಲ. ಆದರೂ ಪತ್ರದಲ್ಲಿ ಕೇಳಿ. ಈ ಎರಡು ಪ್ರಶ್ನೆಗಳನ್ನು ನೋಡಿದ ತಕ್ಷಣ ಲೆಕ್ಕ ಬಲ್ಲವರು ಕೇಳುತ್ತಿದ್ದಾರೆ ಎಂಬುದು ಅಕೌಂಟ್ಸ್ ವಿಭಾಗಕ್ಕೆ ತಿಳಿಯುತ್ತದೆ, ಉತ್ತರದ ಧಾಟಿಯೂ ಬದಲಾಗುತ್ತದೆ.

ಈಗ ವಾರ್ಡನ್ ಹೇಳಿದ ಮಾತಿಗೆ ಬರೋಣ. ನಿಮ್ಮ ಎಡವಟ್ಟು ಬಹಳ ಜನರದ್ದೇ ಆಗಿದೆ. ಹಾಸ್ಟೆಲ್‌ನಲ್ಲಿ ರಜೆಗೆ ಎರಡು ಬೇರೆ ಬೇರೆ ಕಾಗದಗಳಿರುತ್ತವೆ. ವಾರ್ಡನ್‌ಗೆ ಕೊಡುವ ಲೀವ್ ಲೆಟರ್, ಗೇಟಿನಲ್ಲಿ ತೋರಿಸುವ ಔಟ್‌ಪಾಸ್, ಇವು ನೀವು ಎಲ್ಲಿದ್ದೀರಿ ಎಂಬ ಸುರಕ್ಷತೆಯ ದಾಖಲೆ. ಮೆಸ್ ಆಫೀಸಿನಲ್ಲಿ ಕೊಡುವ ಮೆಸ್ ಕಟ್ ಫಾರಂ ಊಟದ ಲೆಕ್ಕದ ದಾಖಲೆ. ಮೊದಲನೆಯದು ವಾರ್ಡನ್ ಫೈಲಿನಲ್ಲೇ ಉಳಿಯುತ್ತದೆ, ಅಲ್ಲಿಂದ ಮೆಸ್ಸಿಗೆ ತಾನಾಗಿ ಹೋಗುವುದಿಲ್ಲ. ಎಷ್ಟೋ ಕಡೆ ಎರಡೂ ಕಚೇರಿಗಳ ನಡುವೆ ಒಂದು ಗೋಡೆ ಅಷ್ಟೇ ಇರುತ್ತದೆ, ಕಾಗದ ಮಾತ್ರ ಆ ಗೋಡೆ ದಾಟುವುದಿಲ್ಲ.

ಮೆಸ್ ಕಟ್‌ಗೆ ಎರಡು ದಿನ ಮುಂಚೆ ತಿಳಿಸಬೇಕು ಎಂಬ ನಿಯಮ ಇರುವುದಕ್ಕೆ ಕಾರಣ ಇದೆ. ತರಕಾರಿ, ಹಾಲು, ಮೊಸರು ದಿನ ದಿನ ಬರುವ ಸಾಮಾನು. ನಾಳೆ ಎಷ್ಟು ಜನ ಎಂದು ಇವತ್ತೇ ಗೊತ್ತಿದ್ದರೆ ಮಾತ್ರ ಕಡಿಮೆ ತರಿಸಲು ಸಾಧ್ಯ. ಹೇಳದೆ ಹೋದ ಮೊದಲ ಎರಡು ಮೂರು ದಿನ ನಿಮ್ಮ ಪಾಲಿನ ಅನ್ನ ಸಾರು ನಿಜಕ್ಕೂ ಆಗಿರುತ್ತದೆ, ಅದರ ಖರ್ಚು ಅವರ ಮೇಲೆ ಬಿದ್ದಿರುತ್ತದೆ. ಇದನ್ನು ಒಪ್ಪಿಕೊಳ್ಳಿ. ಆದರೆ 61 ದಿನ ಯಾರೂ ನಿಮಗಾಗಿ ಅಕ್ಕಿ ಹಾಕಿ ಕಾಯುತ್ತಿರಲಿಲ್ಲ. ಬೈಯೋಮೆಟ್ರಿಕ್ ಅಥವಾ ಮೆಸ್ ಕಾರ್ಡ್ ಇರುವ ಕಡೆ ಉಣ್ಣುವವರ ಸಂಖ್ಯೆ ಮೆಸ್‌ಗೆ ದಿನವೂ ಗೊತ್ತಾಗುತ್ತಿರುತ್ತದೆ.

ನಿಮ್ಮ ಕೈಯಲ್ಲಿರುವ ಗಟ್ಟಿ ಅಂಶ ಇನ್ನೊಂದು. ಇಂಟರ್ನ್‌ಶಿಪ್‌ಗೆ ಹೋಗಿದ್ದು ನಿಮ್ಮ ಇಷ್ಟದ ಪ್ರವಾಸವಲ್ಲ, ಪಠ್ಯಕ್ರಮದ ಭಾಗ. ಯಾರು ಯಾವ ಊರಿಗೆ, ಎಂದಿನಿಂದ ಎಂದಿನವರೆಗೆ ಎಂಬ ಪಟ್ಟಿ ನಿಮ್ಮ ವಿಭಾಗದಲ್ಲಿ ಎಚ್‌ಒಡಿ ಸಹಿಯ ಸಮೇತ ಇರುತ್ತದೆ. ಅಂದರೆ ನೀವು ಇರುವುದಿಲ್ಲ ಎಂಬ ವಿಷಯ ಅದೇ ಸಂಸ್ಥೆಗೆ ಮುಂಚೆಯೇ ಬರವಣಿಗೆಯಲ್ಲಿ ತಿಳಿದಿತ್ತು. ಒಂದು ವಿಭಾಗಕ್ಕೆ ಗೊತ್ತಿದ್ದದ್ದು ಇನ್ನೊಂದು ವಿಭಾಗಕ್ಕೆ ತಲುಪದೇ ಇದ್ದುದರ ಹೊರೆ ವಿದ್ಯಾರ್ಥಿನಿಯ ತಲೆಗೆ ಬರಬಾರದು ಎಂಬುದು ಸಮಂಜಸವಾದ ವಾದ. ಮೊದಲ ಮೂರು ದಿನ ಬಿಟ್ಟುಕೊಟ್ಟು 58 ದಿನಕ್ಕೆ 6,960 ರೂ. ಕೇಳಿ. 360 ರೂಪಾಯಿ ಬಿಟ್ಟುಕೊಟ್ಟರೆ "ಮುಂಚೆ ಹೇಳಲಿಲ್ಲ" ಎಂಬ ಅವರ ಒಂದೇ ವಾದಕ್ಕೆ ನೀವೇ ಉತ್ತರ ಕೊಟ್ಟಂತಾಗುತ್ತದೆ.

"ರೂಲ್ಸ್‌ನಲ್ಲಿ ಇಲ್ಲ" ಎಂದರೆ ಆ ರೂಲ್ಸ್ ನೋಡಬೇಕು. ಹಾಸ್ಟೆಲ್ ಸೇರುವಾಗ ನೀವೂ ಪೋಷಕರೂ ಸಹಿ ಹಾಕಿದ ಕೈಪಿಡಿ ಅಥವಾ ಮುಚ್ಚಳಿಕೆ ಇರುತ್ತದೆ, ಅದರಲ್ಲಿ ಮೆಸ್ ಎಂಬ ಭಾಗ ಹುಡುಕಿ. ಸಾಮಾನ್ಯವಾಗಿ ಕಾಣುವ ಷರತ್ತುಗಳು: ಸತತ ಐದೋ ಏಳೋ ದಿನಕ್ಕಿಂತ ಕಡಿಮೆ ರಜೆಗೆ ರಿಬೇಟ್ ಇಲ್ಲ, ತಿಂಗಳಿಗೆ ಅಥವಾ ಸೆಮಿಸ್ಟರ್‌ಗೆ ಇಂತಿಷ್ಟೇ ದಿನ ಎಂಬ ಮಿತಿ, ಮುಂಚೆ ಅರ್ಜಿ ಕೊಡಬೇಕು. ಮಿತಿ ಇದ್ದರೆ ಅದು ವೈಯಕ್ತಿಕ ರಜೆಗೋ ಅಥವಾ ಕಾಲೇಜೇ ಕಳಿಸಿದ ಕೆಲಸಕ್ಕೂ ಅನ್ವಯವೋ ಎಂದು ಓದಿ ನೋಡಿ, ಕೆಲವು ಕಡೆ ಶೈಕ್ಷಣಿಕ ಗೈರುಹಾಜರಿಗೆ ಬೇರೆ ಸಾಲೇ ಇರುತ್ತದೆ. ಸೆಮಿಸ್ಟರ್‌ಗೆ 30 ದಿನ ಎಂಬ ಮಿತಿ ನಿಮಗೂ ಅನ್ವಯವಾದರೆ ಸಿಗುವುದು 3,600 ರೂ. ಮಾತ್ರ. ಯಾವುದೇ ಸಂದರ್ಭದಲ್ಲೂ ರಿಬೇಟ್ ಇಲ್ಲ ಎಂದು ಅಚ್ಚಾಗಿದ್ದು ನೀವು ಸಹಿ ಹಾಕಿದ್ದರೆ ನಿಮ್ಮ ಬೇಡಿಕೆ ಹಕ್ಕಿನದ್ದಲ್ಲ, ವಿನಂತಿಯದ್ದು. ಆಗ ಎಚ್‌ಒಡಿ ಶಿಫಾರಸು ಪತ್ರವೇ ಮುಖ್ಯವಾಗುತ್ತದೆ.

ಅರ್ಜಿಗೆ ಮುಂಚೆ ಕಾಗದಗಳನ್ನು ಹೊಂದಿಸಿಕೊಳ್ಳಿ. ಇಂಟರ್ನ್‌ಶಿಪ್ ಕಂಪನಿಯ ಜಾಯ್ನಿಂಗ್ ಪತ್ರ ಮತ್ತು ಕೊನೆಯ ದಿನ ಕೊಟ್ಟ ಪ್ರಮಾಣಪತ್ರ, ಎರಡರಲ್ಲೂ ತಾರೀಕು ಇರಬೇಕು. ಗೇಟ್ ರಿಜಿಸ್ಟರ್‌ನಲ್ಲಿ ನೀವು ಹೊರಟ ಮತ್ತು ಬಂದ ದಿನದ ಸಾಲುಗಳ ನಕಲು. ಲೀವ್ ಲೆಟರ್‌ನ ಪ್ರತಿ, ನಿಮ್ಮ ಹತ್ತಿರ ಇಲ್ಲದಿದ್ದರೆ ವಾರ್ಡನ್ ಫೈಲಿನಿಂದ ಕೇಳಿ. ಮೂರು ತಿಂಗಳ ಬಿಲ್, ಕಟ್ಟಿದ ರಸೀದಿ. ಎಲ್ಲಕ್ಕಿಂತ ಬೆಲೆಬಾಳುವುದು ಮೆಸ್ ಹಾಜರಾತಿ, ಅಂದರೆ ಕಾರ್ಡ್ ಅಥವಾ ಬೆರಳಚ್ಚಿನ ದಾಖಲೆ. ಆದರೆ ಅದನ್ನು ಕೇಳುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ನೀವಿಲ್ಲದಾಗ ನಿಮ್ಮ ಮೆಸ್ ಕಾರ್ಡ್ ಎಲ್ಲಿತ್ತು? ರೂಮಿನಲ್ಲಿ ಬಿಟ್ಟು ಹೋಗಿ, ಗೆಳತಿಯೊಬ್ಬಳು ತನ್ನನ್ನು ನೋಡಲು ಬಂದ ನೆಂಟರೊಬ್ಬರಿಗೆ ಒಂದು ಭಾನುವಾರ ಅದನ್ನು ತೋರಿಸಿ ಊಟ ಕೊಡಿಸಿದ್ದರೂ ನಿಮ್ಮ ಅರ್ಜಿ ಅಲ್ಲಿಗೆ ಮುಗಿದಂತೆ. ಆ ಒಂದು ಊಟ ತೋರಿಸಿ ಅರವತ್ತು ದಿನವನ್ನೂ ಅನುಮಾನಿಸುತ್ತಾರೆ. ಹಾಗೇನಾದರೂ ಆಗಿದ್ದರೆ ನೀವೇ ಮೊದಲು ಬರೆದು, ಆ ದಿನವನ್ನು ಲೆಕ್ಕದಿಂದ ತೆಗೆಯಿರಿ.

ಅರ್ಜಿಯನ್ನು ಒಂದೇ ಪುಟದಲ್ಲಿ ಮುಗಿಸಿ. ಬೇಜಾರು, ಸಿಟ್ಟು, ಸಾರಿನ ರುಚಿಯ ದೂರು ಯಾವುದೂ ಅದರೊಳಗೆ ಬರಬಾರದು. ಹೀಗೆ ಬರೆಯಬಹುದು:

ಇವರಿಗೆ: ಮುಖ್ಯ ವಾರ್ಡನ್ ಅವರು. ಮೂಲಕ: ವಾರ್ಡನ್, ಮಹಿಳಾ ವಸತಿನಿಲಯ.

ವಿಷಯ: ಇಂಟರ್ನ್‌ಶಿಪ್ ಅವಧಿಯ ಮೆಸ್ ಊಟದ ಖರ್ಚಿನ ರಿಬೇಟ್ ಕೋರಿ.

ಉಲ್ಲೇಖ: 1. ಫೆಬ್ರವರಿ, ಮಾರ್ಚ್, ಏಪ್ರಿಲ್ ತಿಂಗಳ ಮೆಸ್ ಬಿಲ್‌ಗಳು. 2. ವಾರ್ಡನ್ ಅವರಿಗೆ ಸಲ್ಲಿಸಿದ ರಜೆ ಪತ್ರ.

ಮಾನ್ಯರೇ, ಪಠ್ಯಕ್ರಮದ ಇಂಟರ್ನ್‌ಶಿಪ್ ನಿಮಿತ್ತ ವಿಭಾಗದ ಅನುಮತಿಯೊಂದಿಗೆ ನಾನು ಫೆಬ್ರವರಿ 10ರಿಂದ ಏಪ್ರಿಲ್ 11ರವರೆಗೆ ಒಟ್ಟು 61 ದಿನ ವಸತಿನಿಲಯದಲ್ಲಿ ಇರಲಿಲ್ಲ. ಈ ಬಗ್ಗೆ ವಾರ್ಡನ್ ಅವರಿಗೆ ಲಿಖಿತವಾಗಿ ತಿಳಿಸಿದ್ದೆ. ಮೆಸ್ ಕಚೇರಿಗೆ ಪ್ರತ್ಯೇಕ ಫಾರಂ ಸಲ್ಲಿಸಿರಲಿಲ್ಲವಾದ್ದರಿಂದ ಮೊದಲ 3 ದಿನಗಳನ್ನು ಬಿಟ್ಟು ಉಳಿದ 58 ದಿನಗಳಿಗೆ, ಊಟದ ಖರ್ಚು ದಿನಕ್ಕೆ 120 ರೂ.ನಂತೆ, 6,960 ರೂ. ರಿಬೇಟ್ ನೀಡಬೇಕೆಂದು ಕೋರುತ್ತೇನೆ. ಎಸ್ಟಾಬ್ಲಿಷ್‌ಮೆಂಟ್ ಶುಲ್ಕ ಮತ್ತು ಕೊಠಡಿ ಬಾಡಿಗೆಯಲ್ಲಿ ಯಾವುದೇ ವಿನಾಯಿತಿ ಕೋರಿಲ್ಲ. ಸದರಿ ಅವಧಿಯಲ್ಲಿ ಕೇಟರರ್‌ಗೆ ಬಿಲ್ ಪಾವತಿಸಿದ ತಲೆ ಸಂಖ್ಯೆ ಹಾಗೂ ಒಪ್ಪಂದದ ಕನಿಷ್ಠ ಸಂಖ್ಯೆಯನ್ನು ತಿಳಿಸಬೇಕಾಗಿಯೂ, ಮೊತ್ತವನ್ನು ನನ್ನ ಕಾಷನ್ ಡೆಪಾಸಿಟ್ ಜೊತೆ ಸೇರಿಸಿ ಪಾವತಿಸಬೇಕಾಗಿಯೂ ವಿನಂತಿ. ರಿಬೇಟ್ ಸಾಧ್ಯವಿಲ್ಲವಾದಲ್ಲಿ ಅನ್ವಯವಾಗುವ ನಿಯಮದ ಪ್ರತಿಯೊಂದಿಗೆ ಲಿಖಿತ ಉತ್ತರ ನೀಡಬೇಕಾಗಿ ಕೋರುತ್ತೇನೆ.

ಕೊನೆಯ ಸಾಲನ್ನು ಬಿಡಬೇಡಿ. ಬಾಯಿಮಾತಿನಲ್ಲಿ "ಆಗಲ್ಲ" ಎನ್ನುವುದು ಸುಲಭ, ಸಹಿ ಹಾಕಿ ಬರೆದುಕೊಡುವಾಗ ಕೈ ನಿಧಾನವಾಗುತ್ತದೆ. ಕಾಷನ್ ಡೆಪಾಸಿಟ್‌ಗೆ ಸೇರಿಸಿ ಎಂದು ಕೇಳಿರುವುದಕ್ಕೂ ಕಾರಣ ಇದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯಿತು, ಹಳೆಯ ವರ್ಷದ ಪುಸ್ತಕ ತೆರೆಯಲು ಆಗುವುದಿಲ್ಲ ಎಂಬ ಉತ್ತರ ಬರುವುದುಂಟು. ಹಳೆಯ ಪುಸ್ತಕ ತೆರೆಯುವ ಅಗತ್ಯವೇ ಇಲ್ಲ. ನೀವು ಹೇಗೂ ಕೆಲವೇ ವಾರಗಳಲ್ಲಿ ಹಾಸ್ಟೆಲ್ ಬಿಡುವವರು, ಆಗ ಡೆಪಾಸಿಟ್ ವಾಪಸ್ ಕೊಡಲೇಬೇಕು, ಅದೇ ವೋಚರ್‌ನಲ್ಲಿ ಈ ಮೊತ್ತವನ್ನೂ ಸೇರಿಸಬಹುದು.

ಎರಡು ಪ್ರತಿ ಮಾಡಿ. ಒಂದನ್ನು ಕಾಲೇಜಿನ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ವಾರ್ಡನ್ ಟೇಬಲ್ ಮೇಲೆ ಇಟ್ಟು ಬಂದ ಅರ್ಜಿ ಕೊಟ್ಟಂತಲ್ಲ. ಸೀಲು ಹಾಕುವುದಿಲ್ಲ ಎಂದರೆ ಅದೇ ದಿನ ಕಾಲೇಜಿನ ಅಧಿಕೃತ ಇಮೇಲ್‌ಗೆ ಸ್ಕ್ಯಾನ್ ಪ್ರತಿ ಕಳಿಸಿ, ಪ್ರಾಂಶುಪಾಲರಿಗೂ ಒಂದು ಪ್ರತಿ ಇರಲಿ.

ಬಿಲ್ ಇನ್ನೂ ಬಾಕಿ ಇದ್ದರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುವುದು ಒಳ್ಳೆಯದು. ಕಟ್ಟಿಬಿಡಿ. ಬಾಕಿ ಉಳಿಸಿಕೊಂಡು ಜಗಳಕ್ಕೆ ನಿಂತರೆ ದಂಡ ಬೆಳೆಯುತ್ತದೆ, ಹಾಲ್ ಟಿಕೆಟ್ ಹೊತ್ತಿಗೆ ನೋ ಡ್ಯೂಸ್ ಸಿಗದೆ ಒದ್ದಾಡಬೇಕಾಗುತ್ತದೆ. ಕಟ್ಟುವ ದಿನ "ರಿಬೇಟ್ ಅರ್ಜಿಯ ತೀರ್ಮಾನಕ್ಕೆ ಒಳಪಟ್ಟು, ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ" ಎಂದು ಒಂದು ಸಾಲಿನ ಇಮೇಲ್ ಕಳಿಸಿದರೆ ಸಾಕು. ದುಡ್ಡು ಕಟ್ಟಿದ್ದರಿಂದ ಬಿಲ್ ಒಪ್ಪಿಕೊಂಡಿರಿ ಎಂದು ಆಮೇಲೆ ಹೇಳಲು ಬರುವುದಿಲ್ಲ.

ಮುಖ್ಯ ವಾರ್ಡನ್ ಹತ್ತು ಹದಿನೈದು ದಿನ ಉತ್ತರಿಸದಿದ್ದರೆ ಪ್ರಾಂಶುಪಾಲರಿಗೆ ನೆನಪೋಲೆ. ಅಲ್ಲೂ ಆಗದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ. ಯುಜಿಸಿಯ 2023ರ ನಿಯಮಗಳ ಪ್ರಕಾರ ಇಂಥ ಸಮಿತಿ ಪ್ರತಿ ಕಾಲೇಜಿನಲ್ಲೂ ಇರಬೇಕು, ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಟ್ಟು ಅದರ ಪ್ರತಿಯನ್ನು ವಿದ್ಯಾರ್ಥಿಗೂ ಕೊಡಬೇಕೆಂಬುದು ಅಪೇಕ್ಷೆ. ತೀರ್ಮಾನ ಸಮಾಧಾನ ತರದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಸಮಿತಿಯ ಮುಂದೆ "ಹೆಚ್ಚು ಫೀ ತಗೊಂಡರು" ಎಂದು ದೂರಬೇಡಿ. ತಿಂಗಳಿಗೆ 4,500 ಎಂಬುದು ಮುಂಚೆಯೇ ಪ್ರಕಟಿಸಿದ ದರವಾಗಿದ್ದರೆ ಆ ದೂರು ನಿಲ್ಲುವುದಿಲ್ಲ. "ಹಾಸ್ಟೆಲ್‌ನ ತನ್ನದೇ ರಿಬೇಟ್ ನಿಯಮವನ್ನು ಅನ್ವಯಿಸಿಲ್ಲ, ಕೇಳಿದರೂ ನಿಯಮದ ಪ್ರತಿ ಕೊಟ್ಟಿಲ್ಲ, ಲಿಖಿತ ಉತ್ತರವಿಲ್ಲ" ಎಂದು ದೂರಿ.

ಯುಜಿಸಿ 2018ರಲ್ಲಿ ಹೊರಡಿಸಿದ ಶುಲ್ಕ ವಾಪಸಾತಿ ಪ್ರಕಟಣೆಯಲ್ಲಿ ಶೇ. 100, 90, 80, 50 ಎಂಬ ಕೋಷ್ಟಕ ಇದೆ. ಅದನ್ನು ವಾಟ್ಸಾಪ್‌ನಲ್ಲಿ ಕಂಡು ಅರ್ಜಿಗೆ ಲಗತ್ತಿಸುವವರಿದ್ದಾರೆ. ಅದು ಸೀಟನ್ನೇ ಬಿಟ್ಟು ಹೋಗುವವರಿಗೆ, ನಡುವೆ ಎರಡು ತಿಂಗಳು ಊರಿನಲ್ಲಿ ಇಲ್ಲದವರಿಗೆ ಅಲ್ಲ. ಗ್ರಾಹಕ ಆಯೋಗದ ದಾರಿಯೂ ಕಾಲೇಜು ಹಾಸ್ಟೆಲ್ ವಿಷಯದಲ್ಲಿ ಕಿರಿದು. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ರಾಷ್ಟ್ರೀಯ ಆಯೋಗ 2020ರಲ್ಲಿ ಹೇಳಿದೆ. ಏಳು ಸಾವಿರಕ್ಕಾಗಿ ವಕೀಲರ ನೋಟಿಸ್ ಕೊಡಿಸಿದರೆ ನೋಟಿಸಿನ ಖರ್ಚೇ ಅದನ್ನು ನುಂಗುತ್ತದೆ. ಖಾಸಗಿ ಪಿಜಿಯಲ್ಲಿದ್ದವರ ಸ್ಥಿತಿ ಬೇರೆ, ಅದು ಶುದ್ಧ ವ್ಯಾಪಾರ. ಊಟಕ್ಕೆ ಬೇರೆ ಹಣ ಎಂದು ಬರವಣಿಗೆಯಲ್ಲಿ ಇದ್ದರೆ ಅವರು 1915 ಗ್ರಾಹಕ ಸಹಾಯವಾಣಿಯಿಂದ ಶುರು ಮಾಡಬಹುದು. ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯದ ಹಾಸ್ಟೆಲ್ ಆಗಿದ್ದರೆ ಕೇಟರರ್ ಬಿಲ್, ಒಪ್ಪಂದ, ಊಟದ ದಿನಗಳ ಲೆಕ್ಕ ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಅರ್ಜಿ ಶುಲ್ಕ 10 ರೂ., ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಗಳಿಗೆ ಬರೆಯುವಾಗ ಒಂದೇ ವಿಷಯ, 150 ಪದದ ಮಿತಿ ಎಂಬುದನ್ನು ಮರೆಯಬೇಡಿ, ಉದ್ದ ಬರೆದರೆ ಆ ಕಾರಣಕ್ಕೇ ವಾಪಸ್ ಬರುತ್ತದೆ.

ನಿಮಗೆ ಈಗ ಉಳಿದಿರುವ ಗಡುವು ಒಂದೇ, ಹಾಸ್ಟೆಲ್ ಖಾಲಿ ಮಾಡುವ ದಿನ. ಅಂದು ಡೆಪಾಸಿಟ್ ವಾಪಸಿಗೆಂದು ಒಂದು ಫಾರಂ ಕೊಡುತ್ತಾರೆ, ಅದರ ಅಡಿಯಲ್ಲಿ "ನನಗೆ ಬರಬೇಕಾದ ಎಲ್ಲ ಹಣ ಬಂದಿದೆ, ಬೇರೆ ಯಾವ ಬಾಕಿಯೂ ಇಲ್ಲ" ಎಂಬ ಸಾಲು ಇರುತ್ತದೆ. ಲಗೇಜು ಕಟ್ಟುವ ಗಡಿಬಿಡಿಯಲ್ಲಿ ಎಲ್ಲರೂ ಓದದೆ ಸಹಿ ಹಾಕುವ ಸಾಲು ಅದು, ಅದಾದ ಮೇಲೆ ರಿಬೇಟ್ ಮಾತು ಎತ್ತುವುದೇ ಕಷ್ಟ. ಅಷ್ಟರೊಳಗೆ ತೀರ್ಮಾನ ಬಂದಿರದಿದ್ದರೆ ಸಹಿಯ ಮೇಲ್ಗಡೆ "ಮೆಸ್ ರಿಬೇಟ್ ಅರ್ಜಿ ಬಾಕಿ ಇದೆ" ಎಂದು ಬರೆದು, ಇನ್‌ವರ್ಡ್ ನಂಬರ್ ಮತ್ತು ತಾರೀಕು ಹಾಕಿ, ಆಮೇಲೆ ಸಹಿ ಮಾಡಿ. ಆ ಪುಟದ ಫೋಟೊ ತೆಗೆದುಕೊಂಡು, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟದ ನಕಲನ್ನು ಜೊತೆಗೆ ಲಗತ್ತಿಸಿ ಕೊಡಿ. ಖಾತೆ ನಿಮ್ಮ ಹೆಸರಿನದ್ದೇ ಆಗಿರಲಿ, ಅಪ್ಪನ ಖಾತೆ ನಂಬರ್ ಕೊಟ್ಟು ಹೆಸರು ಹೊಂದದೆ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡ ಡೆಪಾಸಿಟ್‌ಗಳು ಪ್ರತಿ ವರ್ಷವೂ ಇರುತ್ತವೆ.